ತುರ್ತು ದೂರು: ದಾಖಲಾತಿ ವೇಳೆ ಕ್ಯಾಶ್‌ಲೆಸ್ ನಿರಾಕರಣೆ ಮತ್ತು ರೀಇಂಬರ್ಸ್‌ಮೆಂಟ್ ಹಕ್ಕನ್ನು ಉಳಿಸಿಕೊಳ್ಳುವ ಬಗ್ಗೆ

ದಾವಣಗೆರೆ
10 ನವೆಂಬರ್ 2025, ಸೋಮವಾರ, ಬೆಳಿಗ್ಗೆ 9.15

ಇವರಿಗೆ,
ಕುಂದುಕೊರತೆ ಅಧಿಕಾರಿಗಳು, ಆರೋಗ್ಯ ವಿಮಾ ವಿಭಾಗ
ಪ್ರತಿ: ಟಿಪಿಎ ಕ್ಲೇಮ್ ವಿಭಾಗ, ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್

ಪಾಲಿಸಿ ಸಂಖ್ಯೆ: 2018/0614/77093 (ತಂದೆ-ತಾಯಿ ಫ್ಲೋಟರ್, 5,00,000 ರೂಪಾಯಿ)
ಪ್ರೀ-ಆಥರೈಸೇಶನ್ ಸಂಖ್ಯೆ: 1109-5826

ಮಾನ್ಯರೇ,

ನನ್ನ ತಂದೆಗೆ 63 ವರ್ಷ. ಹೃದಯಾಘಾತವಾಗಿ ನಿನ್ನೆ ರಾತ್ರಿಯಿಂದ ದಾವಣಗೆರೆಯ ನಿಮ್ಮ ನೆಟ್‌ವರ್ಕ್ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ಒಂದು ಸ್ಟೆಂಟ್ ಹಾಕಿದ್ದಾರೆ. ಇನ್ನೊಂದು ರಕ್ತನಾಳದಲ್ಲೂ ಬ್ಲಾಕ್ ಇದೆ, ಅದಕ್ಕೆ ಬುಧವಾರ ಬೆಳಿಗ್ಗೆ 7 ಗಂಟೆಗೆ ಸ್ಟೆಂಟ್ ಹಾಕಬೇಕು ಎಂದು ಡಾಕ್ಟರ್ ಬರೆದಿದ್ದಾರೆ. ಇಂದು ಬೆಳಿಗ್ಗೆ 6.25ಕ್ಕೆ ನಿಮ್ಮ ಕಡೆಯಿಂದ ಕ್ಯಾಶ್‌ಲೆಸ್ ನಿರಾಕರಣೆಯ ಪತ್ರ ಬಂದಿದೆ. ಅದನ್ನು ಈಗಲೇ ಮರುಪರಿಶೀಲಿಸಿ ಎಂದು ಕೇಳಲು ಈ ದೂರು ಬರೆಯುತ್ತಿದ್ದೇನೆ. ಕ್ಯಾಶ್‌ಲೆಸ್ ಸಿಗದೇ ಹೋದರೂ ನನ್ನ ಕ್ಲೇಮ್ ಹಾಗೇ ಉಳಿಯಬೇಕು. ಅದನ್ನೂ ಇದರಲ್ಲೇ ದಾಖಲಿಸುತ್ತಿದ್ದೇನೆ.

ಪಾಲಿಸಿ ತೆಗೆದುಕೊಂಡವಳು ನಾನು. ಮೊದಲ ದಿನಾಂಕ 14 ಜೂನ್ 2018. ಆಮೇಲೆ ಒಂದು ವರ್ಷವೂ ತಪ್ಪದೆ, ಒಂದು ದಿನವೂ ಗ್ಯಾಪ್ ಇಲ್ಲದೆ ನವೀಕರಿಸಿದ್ದೇನೆ. ವಿಮಾ ಮೊತ್ತ ಮೊದಲಿನಿಂದಲೂ 5 ಲಕ್ಷವೇ, ನಡುವೆ ಹೆಚ್ಚಿಸಿಲ್ಲ. ಈ ಏಳು ವರ್ಷಗಳಲ್ಲಿ ಇದು ಮೊದಲ ಕ್ಲೇಮ್.

ನಿನ್ನೆ ನಡೆದದ್ದು ಇಷ್ಟು. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎದೆ ಹಿಡಿದ ಹಾಗಾಗಿ ಬೆವರತೊಡಗಿದರು. ಪಕ್ಕದ ಬೀದಿಯಲ್ಲಿರುವ ಚಿಕ್ಕಪ್ಪ ಕಾರಿನಲ್ಲಿ ಕರೆದುಕೊಂಡು ಬಂದರು. 10.10ಕ್ಕೆ ಎಮರ್ಜೆನ್ಸಿಯಲ್ಲಿ ದಾಖಲಾಯಿತು. ನಾನು ತುಮಕೂರಿನಲ್ಲಿದ್ದೆ. ಇ-ಕಾರ್ಡನ್ನು ಫೋನಿನಲ್ಲಿ ಕಳಿಸಿ ಅಲ್ಲಿಂದ ಹೊರಟೆ. ಆಸ್ಪತ್ರೆಯವರು 11.35ಕ್ಕೆ ಪ್ರೀ-ಆಥರೈಸೇಶನ್ ಅರ್ಜಿ ಕಳಿಸಿದರು. 12.20ಕ್ಕೆ ಆಂಜಿಯೋಪ್ಲಾಸ್ಟಿ ಶುರುವಾಯಿತು. ಕಾಯುವ ಹಾಗಿರಲಿಲ್ಲ. ನಿಮ್ಮ ಮೊದಲ ಪ್ರಶ್ನೆ ಬಂದದ್ದು 2.10ಕ್ಕೆ. ಅಂದರೆ ಅರ್ಜಿ ತಲುಪಿ ಎರಡೂವರೆ ಗಂಟೆ ಕಳೆದ ಮೇಲೆ. 2.50ಕ್ಕೆ ಆಸ್ಪತ್ರೆ ಉತ್ತರ ಕಳಿಸಿತು. ನಿರಾಕರಣೆ ಬಂದಾಗ 6.25. ಐಆರ್‌ಡಿಎಐ 29 ಮೇ 2024ರಂದು ಹೊರಡಿಸಿದ ಆರೋಗ್ಯ ವಿಮೆಯ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ತಕ್ಷಣ, ಹೆಚ್ಚೆಂದರೆ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು. ಇಲ್ಲಿ ಸುಮಾರು ಏಳು ಗಂಟೆ ಹಿಡಿಯಿತು.

ನೀವು ಕೊಟ್ಟ ಕಾರಣ ಒಂದೇ ಸಾಲು: "ರೋಗಿಗೆ 10 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಪ್ರಸ್ತಾವನೆಯಲ್ಲಿ ತಿಳಿಸಿಲ್ಲ." ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರೆದಿಲ್ಲ.

ಆ 10 ವರ್ಷ ಎಂಬ ಮಾತು ಎಲ್ಲಿಂದ ಬಂತು ಎಂದು ದಯವಿಟ್ಟು ನೋಡಿ. ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರ್ ಕೇಳಿದಾಗ ಅಪ್ಪ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಚಿಕ್ಕಪ್ಪ ಗಾಬರಿಯಲ್ಲಿ "ಶುಗರ್ ಇದೆ, ಒಂದು ಹತ್ತು ವರ್ಷ ಆಗಿರಬೇಕು" ಎಂದರಂತೆ. ಅದು ಕೇಸ್ ಶೀಟಿಗೆ ಹೋಯಿತು, ಅಲ್ಲಿಂದ ನಿಮ್ಮ ಪತ್ರಕ್ಕೆ ಬಂತು. ಅವರನ್ನು ನಾನು ದೂರುವುದಿಲ್ಲ. ಅಣ್ಣನ ಜೀವ ಹೋಗುತ್ತಿದೆ ಎಂದುಕೊಂಡು ನಿಂತವರು ವರ್ಷಗಳನ್ನು ಲೆಕ್ಕ ಹಾಕಿ ಹೇಳಲು ಆಗುತ್ತದೆಯೇ?

ನಿಜ ಏನೆಂದರೆ, ಅಪ್ಪನಿಗೆ ಸಕ್ಕರೆ ಕಾಯಿಲೆ ಗೊತ್ತಾದದ್ದು ಮಾರ್ಚ್ 2021ರಲ್ಲಿ. ಆ ದಿನದ ರಕ್ತಪರೀಕ್ಷೆಯ ವರದಿ ಮತ್ತು ಮೊದಲ ಮಾತ್ರೆ ಚೀಟಿ ಅಮ್ಮ ಬೀರುವಿನಲ್ಲಿ ಜೋಪಾನ ಮಾಡಿಟ್ಟಿದ್ದರು. ಎರಡನ್ನೂ ಲಗತ್ತಿಸಿದ್ದೇನೆ. ಇನ್ನೊಂದು ಕಾಗದ ಇದಕ್ಕಿಂತ ಮುಖ್ಯ. 2018ರಲ್ಲಿ ಪಾಲಿಸಿ ಕೊಡುವ ಮೊದಲು ನಿಮ್ಮ ಕಂಪನಿಯೇ ಅಪ್ಪನಿಗೆ ವೈದ್ಯಕೀಯ ತಪಾಸಣೆ ಮಾಡಿಸಿತ್ತು. ಖಾಲಿ ಹೊಟ್ಟೆಯ ಸಕ್ಕರೆ 96, ಎಚ್‌ಬಿಎ1ಸಿ 5.5. ಆ ವರದಿ ನಿಮ್ಮ ಕಡತದಲ್ಲೇ ಇರಬೇಕು. ನನ್ನ ಪ್ರತಿಯನ್ನೂ ಕಳಿಸಿದ್ದೇನೆ. ಆಗ ಇಲ್ಲದ ಕಾಯಿಲೆಯನ್ನು ನಾವು ಪ್ರಸ್ತಾವನೆಯಲ್ಲಿ ಬರೆಯಲು ಹೇಗೆ ಸಾಧ್ಯ? ಚಿಕಿತ್ಸೆ ಮಾಡುತ್ತಿರುವ ಹೃದ್ರೋಗ ತಜ್ಞರು ಈ ಕಾಗದಗಳನ್ನು ನೋಡಿ, ಕೇಸ್ ಶೀಟಿನಲ್ಲಿರುವ 10 ವರ್ಷ ಎಂಬುದು ಬಂಧುಗಳ ಬಾಯಿಮಾತು, ದಾಖಲೆ ಪ್ರಕಾರ 2021ರಿಂದ ಎಂದು ಇಂದು 8.30ಕ್ಕೆ ಪ್ರಮಾಣಪತ್ರ ಕೊಟ್ಟಿದ್ದಾರೆ.

ವಾದಕ್ಕಾಗಿ 10 ವರ್ಷ ಎಂದೇ ಇಟ್ಟುಕೊಂಡರೂ ಈ ನಿರಾಕರಣೆ ನಿಲ್ಲುವುದಿಲ್ಲ. ಅದೇ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಪಾಲಿಸಿ ಸತತ 60 ತಿಂಗಳು ಪೂರೈಸಿದ ಮೇಲೆ, ಮಾಹಿತಿ ಮುಚ್ಚಿಟ್ಟಿದ್ದಾರೆ ಅಥವಾ ತಪ್ಪು ಹೇಳಿದ್ದಾರೆ ಎಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವ ಹಾಗಿಲ್ಲ. ಸಾಬೀತಾದ ವಂಚನೆ ಮಾತ್ರ ಇದಕ್ಕೆ ಹೊರತು. ನನ್ನ ಪಾಲಿಸಿಗೆ 60 ತಿಂಗಳು ತುಂಬಿದ್ದು ಜೂನ್ 2023ರಲ್ಲಿ. ಮೊದಲೇ ಇದ್ದ ಕಾಯಿಲೆಗಳ ಕಾಯುವ ಅವಧಿಯೂ ಯಾವತ್ತೋ ಮುಗಿದಿದೆ. ವಂಚನೆ ಎಂದು ನಿಮ್ಮ ಪತ್ರವೂ ಹೇಳಿಲ್ಲ. ಹಾಗಾದರೆ ಉಳಿಯುವ ಕಾರಣ ಯಾವುದು?

ಈಗ ದುಡ್ಡಿನ ವಿಷಯ. ಅಂದಾಜು ಖರ್ಚು 3,40,000 ರೂಪಾಯಿ. ರಾತ್ರಿ 10.50ಕ್ಕೆ ಚಿಕ್ಕಪ್ಪ ಯುಪಿಐನಲ್ಲಿ 50,000 ಕಟ್ಟಿದರು. ನಿರಾಕರಣೆ ಬಂದ ಮೇಲೆ 7.10ಕ್ಕೆ ನಾನು ಕಾರ್ಡಿನಲ್ಲಿ 70,000 ಕಟ್ಟಿದೆ. ಎರಡನೇ ಸ್ಟೆಂಟಿಗೆ ನಾಳೆ ಸಂಜೆ 6ರೊಳಗೆ 1,50,000 ಕಟ್ಟಬೇಕು. ಅಷ್ಟು ದುಡ್ಡು ನಮ್ಮ ಕೈಯಲ್ಲಿಲ್ಲ. ಅಮ್ಮನ ಬಳೆ ಅಡ ಇಡುವ ಮಾತು ಬೆಳಿಗ್ಗೆಯಿಂದ ನಡೆಯುತ್ತಿದೆ. ಇಂಥ ದಿನ ಬರಬಾರದು ಎಂದೇ ಅಲ್ವಾ ಏಳು ವರ್ಷ ಪ್ರೀಮಿಯಂ ಕಟ್ಟಿದ್ದು?

ಆದ್ದರಿಂದ ಮೊದಲ ಕೋರಿಕೆ ಇದು. ಲಗತ್ತಿಸಿದ ದಾಖಲೆಗಳ ಜೊತೆ ಆಸ್ಪತ್ರೆ 9 ಗಂಟೆಗೆ ಮರುಪರಿಶೀಲನೆಗೆ ಮತ್ತೆ ಅರ್ಜಿ ಕಳಿಸಿದೆ. ಅದು ತಲುಪಿದ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಿ. ಅನುಮಾನವಿದ್ದರೆ ನಿಮ್ಮ ವೈದ್ಯರು ಚಿಕಿತ್ಸೆ ಕೊಡುತ್ತಿರುವ ಡಾಕ್ಟರ್ ಜೊತೆ ನೇರವಾಗಿ ಫೋನಿನಲ್ಲಿ ಮಾತಾಡಲಿ. ಅವರು ಮಧ್ಯಾಹ್ನ 1ರವರೆಗೆ ಸಿಗುತ್ತಾರೆ. ನಿಮ್ಮ ಪ್ರತಿನಿಧಿ ಆಸ್ಪತ್ರೆಗೆ ಬಂದು ಮೂಲ ಕಾಗದ ನೋಡುವುದಾದರೂ ಸರಿ, ಎಲ್ಲವೂ ನನ್ನ ಹತ್ತಿರ ಇವೆ. ಎಲ್ಲದಕ್ಕೂ ಒಪ್ಪಿಗೆ ಕೊಡಲು ಆಗದಿದ್ದರೆ ಈಗ ಆರಂಭಿಕ ಮೊತ್ತಕ್ಕಾದರೂ ಒಪ್ಪಿಗೆ ಕೊಡಿ, ಉಳಿದದ್ದನ್ನು ಡಿಸ್ಚಾರ್ಜ್ ಹೊತ್ತಿಗೆ ನೋಡಬಹುದು.

ಮತ್ತೆ ನಿರಾಕರಿಸುವುದಾದರೆ ಫೋನಿನಲ್ಲಿ ಹೇಳಿದರೆ ಸಾಲದು. ಯಾವ ಷರತ್ತು, ಯಾವ ಸಾಕ್ಷ್ಯ ಎಂದು ಲಿಖಿತವಾಗಿ ಕೊಡಿ. ಕ್ಲೇಮ್ ತಿರಸ್ಕರಿಸುವ ಮೊದಲು ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು ಎಂದು ಸರ್ಕ್ಯುಲರ್ ಹೇಳುತ್ತದೆ. ಈ ಪ್ರಕರಣ ಸಮಿತಿಯ ಮುಂದೆ ಹೋಗಿದೆಯೇ, ಇಲ್ಲವೇ ಎಂಬುದನ್ನೂ ತಿಳಿಸಿ.

ಎರಡನೆಯದು ನನ್ನ ಹಕ್ಕಿನ ವಿಷಯ. ಈ ಮುಂದಿನ ಮಾತುಗಳನ್ನು ಕ್ಲೇಮ್ ಕಡತದಲ್ಲಿ ದಾಖಲಿಸಿಕೊಳ್ಳಿ.

ಕ್ಯಾಶ್‌ಲೆಸ್ ಇಲ್ಲ ಎಂದರೆ ಕ್ಲೇಮ್ ಇಲ್ಲ ಎಂದಲ್ಲ. ಕ್ಯಾಶ್‌ಲೆಸ್ ಸಿಗದಿದ್ದಾಗ ವೈದ್ಯರ ಸಲಹೆಯಂತೆ ಚಿಕಿತ್ಸೆ ಪಡೆದು, ಆಮೇಲೆ ರೀಇಂಬರ್ಸ್‌ಮೆಂಟಿಗೆ ಕಾಗದ ಸಲ್ಲಿಸಬಹುದು ಎಂದು ನನ್ನ ಪಾಲಿಸಿಯಲ್ಲೇ ಇದೆ. ನಾನು ಆ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಈಗಾಗಲೇ ಕಟ್ಟಿದ 1,20,000 ಮತ್ತು ಮುಂದೆ ಕಟ್ಟುವ ಪ್ರತಿ ರೂಪಾಯಿಯೂ ಚಿಕಿತ್ಸೆ ನಿಲ್ಲಬಾರದು ಎಂದು ಆಕ್ಷೇಪಣೆ ಇಟ್ಟುಕೊಂಡೇ ಕಟ್ಟುತ್ತಿರುವ ಹಣ. ಬೆಳಿಗ್ಗೆ ಆಸ್ಪತ್ರೆಯ "ಸ್ವಂತ ಖರ್ಚು" ಫಾರಂಗೆ ಸಹಿ ಮಾಡಿದ್ದೇನೆ. ಸಹಿಯ ಕೆಳಗೆ "ವಿಮಾ ಕ್ಲೇಮಿನ ಹಕ್ಕು ಉಳಿಸಿಕೊಂಡು, ಆಕ್ಷೇಪಣೆಯೊಂದಿಗೆ" ಎಂದು ಕೈಯಲ್ಲಿ ಬರೆದಿದ್ದೇನೆ. ಅದರ ಫೋಟೋ ಜೊತೆಗಿದೆ. ಆ ಸಹಿಯನ್ನು ಕ್ಯಾಶ್‌ಲೆಸ್ ಅಥವಾ ಕ್ಲೇಮ್ ಬೇಡ ಎಂದ ಒಪ್ಪಿಗೆಯೆಂದು ತಿಳಿಯಬೇಡಿ.

ತುರ್ತು ದಾಖಲಾತಿಯನ್ನು 24 ಗಂಟೆಯೊಳಗೆ ತಿಳಿಸಬೇಕು ಎಂಬ ಷರತ್ತಿಗೆ ನಿನ್ನೆ ರಾತ್ರಿ 11.35ರ ಅರ್ಜಿ ಮತ್ತು ಈ ಪತ್ರ ಎರಡನ್ನೂ ಸೂಚನೆಯಾಗಿ ಪರಿಗಣಿಸಿ. ರೀಇಂಬರ್ಸ್‌ಮೆಂಟಿಗೆ ಇಂದೇ ಕ್ಲೇಮ್ ಸಂಖ್ಯೆ ತೆರೆದು ಕಳಿಸಿ. ಸೂಚನೆ ತಡವಾಯಿತು ಎಂಬ ಮಾತು ಮುಂದೆ ಬರಬಾರದು. ಪಾಲಿಸಿ ಹೇಳುವಂತೆ ಡಿಸ್ಚಾರ್ಜ್ ಆದ 30 ದಿನದೊಳಗೆ ಮೂಲ ಬಿಲ್ಲು, ರಸೀದಿ, ಡಿಸ್ಚಾರ್ಜ್ ಸಮ್ಮರಿ, ಸ್ಟೆಂಟಿನ ಸ್ಟಿಕ್ಕರ್, ಆಂಜಿಯೋಗ್ರಾಂ ಸಿ.ಡಿ. ಎಲ್ಲವನ್ನೂ ಸಲ್ಲಿಸುತ್ತೇನೆ. ಬೇರೆ ಏನಾದರೂ ಬೇಕಿದ್ದರೆ ಒಂದೇ ಸಲ ಪೂರ್ತಿ ಪಟ್ಟಿ ಕೊಡಿ. ನಾವು ಆಸ್ಪತ್ರೆಯಲ್ಲಿ ಇರುವಾಗಲೇ ತೆಗೆದುಕೊಳ್ಳುವುದು ಸುಲಭ.

ದರದ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಕ್ಯಾಶ್‌ಲೆಸ್ ರೋಗಿಗೆ ನಿಮ್ಮ ಮತ್ತು ಆಸ್ಪತ್ರೆಯ ನಡುವೆ ಒಪ್ಪಿದ ದರ ಇರುತ್ತದೆ. ಸ್ವಂತ ದುಡ್ಡು ಕಟ್ಟುವವರಿಗೆ ಬಿಲ್ ಅದಕ್ಕಿಂತ ಜಾಸ್ತಿ ಬರಬಹುದು. ಒಪ್ಪಿದ ದರವನ್ನೇ ಹಾಕುವಂತೆ ಆಸ್ಪತ್ರೆಗೆ ಈಗಲೇ ತಿಳಿಸಿ. ಕ್ಯಾಶ್‌ಲೆಸ್ ತಡೆದವರು ನೀವು. ಅದರಿಂದ ಬಿಲ್ಲು ಹೆಚ್ಚಾದರೆ ಆ ವ್ಯತ್ಯಾಸವನ್ನು ಆಮೇಲೆ ನನ್ನ ಕ್ಲೇಮಿನಲ್ಲಿ ಕಡಿತ ಮಾಡುವುದು ನ್ಯಾಯವಲ್ಲ. ಪಾವತಿ ತಡವಾದರೆ ಬ್ಯಾಂಕ್ ದರದ ಮೇಲೆ ಶೇ. 2ರಷ್ಟು ಬಡ್ಡಿ ಕೇಳುವ ಹಕ್ಕನ್ನೂ ಉಳಿಸಿಕೊಂಡಿದ್ದೇನೆ.

ಈ ದೂರನ್ನು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ bimabharosa.irdai.gov.in ನಲ್ಲೂ ಇಂದೇ ದಾಖಲಿಸುತ್ತಿದ್ದೇನೆ. ನಿಮ್ಮ ಉತ್ತರ ಸರಿಯಾಗಿಲ್ಲದಿದ್ದರೆ, ಅಥವಾ ಒಂದು ತಿಂಗಳಲ್ಲಿ ಉತ್ತರವೇ ಬರದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುತ್ತೇನೆ. ಜಗಳ ಮಾಡುವ ಶಕ್ತಿ ಈಗ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನೀವು ಆ ಕಾಗದಗಳನ್ನು ಒಮ್ಮೆ ತೆರೆದು ನೋಡಿದರೆ ಇದು ಇವತ್ತೇ ಬಗೆಹರಿಯುತ್ತದೆ ಎಂದು ನಂಬಿದ್ದೇನೆ.

ಪಾಲಿಸಿಯಲ್ಲಿ ನೋಂದಾಯಿಸಿದ ಮೊಬೈಲಿಗೆ ಯಾವ ಹೊತ್ತಿಗಾದರೂ ಕರೆ ಮಾಡಿ. ಐಸಿಯು ಬಾಗಿಲ ಹೊರಗೇ ಇದ್ದೇನೆ. ಕರೆಯಲ್ಲಿ ಹೇಳಿದ್ದನ್ನು ಇದೇ ಇಮೇಲಿಗೆ ಉತ್ತರವಾಗಿ ಬರೆದೂ ಕಳಿಸಿ.

ಇಂತಿ,
ಸುಮಾ
ಪಾಲಿಸಿದಾರರು, ರೋಗಿಯ ಮಗಳು

ಲಗತ್ತು: ನಿರಾಕರಣೆ ಪತ್ರ, 2018ರ ಪಾಲಿಸಿ ಪೂರ್ವ ತಪಾಸಣೆ ವರದಿ, ಮಾರ್ಚ್ 2021ರ ರಕ್ತಪರೀಕ್ಷೆ ಮತ್ತು ಮಾತ್ರೆ ಚೀಟಿ, ಹೃದ್ರೋಗ ತಜ್ಞರ ಇಂದಿನ ಪ್ರಮಾಣಪತ್ರ, 2018ರಿಂದ ಈವರೆಗಿನ ನವೀಕರಣ ರಸೀದಿಗಳು, 50,000 ಮತ್ತು 70,000 ರೂಪಾಯಿಯ ಪಾವತಿ ರಸೀದಿ, ಆಕ್ಷೇಪಣೆ ಬರೆದ ಫಾರಂನ ಫೋಟೋ, ಎರಡನೇ ಸ್ಟೆಂಟಿನ ಬಗ್ಗೆ ಡಾಕ್ಟರ್ ಬರೆದ ಸೂಚನೆ ಮತ್ತು ಖರ್ಚಿನ ಅಂದಾಜು.