ಬೀಮ್ ರಿವಿಷನ್: ಎಸ್‌ಎಫ್‌ಡಿ, ಬಿಎಂಡಿ

ಮೊದಲು ರಿಯಾಕ್ಷನ್, ಆಮೇಲೆ ಎಡದಿಂದ ಬಲಕ್ಕೆ ಹೋಗಿ. ಮೇಲ್ಮುಖ ಬಲ ಪ್ಲಸ್, ಸ್ಯಾಗಿಂಗ್ ಪ್ಲಸ್.

ಪಾಯಿಂಟ್ ಲೋಡ್ ಇದ್ದಲ್ಲಿ ಶಿಯರ್ ದಿಢೀರ್ ಇಳಿಯುತ್ತದೆ, ಮೊಮೆಂಟ್ ಗೆರೆ ಮುರಿಯುತ್ತದೆ ಅಷ್ಟೇ. ಯುಡಿಎಲ್ ಇದ್ದರೆ ಶಿಯರ್ ಓರೆ ಗೆರೆ, ಮೊಮೆಂಟ್ ಪ್ಯಾರಾಬೋಲಾ. ಕಪಲ್ ಇದ್ದರೆ ಮೊಮೆಂಟ್ ಮಾತ್ರ ಜಿಗಿಯುತ್ತದೆ, ಶಿಯರ್ ಅಲುಗಾಡಲ್ಲ.

ಗರಿಷ್ಠ ಮೊಮೆಂಟ್‌ಗಳು: ಸಿಂಪ್ಲಿ ಸಪೋರ್ಟೆಡ್, ನಡುವೆ W: `WL/4`. ಪೂರ್ತಿ ಯುಡಿಎಲ್: `wL²/8`. ಕ್ಯಾಂಟಿಲಿವರ್‌ಗೆ ಫಿಕ್ಸೆಡ್ ತುದಿಯಲ್ಲಿ `-WL` (ಲೋಡ್ ತುದಿಯಲ್ಲಿದ್ದರೆ), ಪೂರ್ತಿ ಯುಡಿಎಲ್ ಇದ್ದರೆ `-wL²/2`. ಮೈನಸ್ ಬಿಡಬೇಡಿ, ಅದು ಹಾಗಿಂಗ್.

ಈಗ ಪಾಯಿಂಟ್ ಲೋಡ್, ಯುಡಿಎಲ್ ಎರಡೂ ಸೇರಿದ ಲೆಕ್ಕ, ಪರೀಕ್ಷೆಗೆ ಇಂಥದ್ದೇ ಜಾಸ್ತಿ. 6 ಮೀ ಸಿಂಪ್ಲಿ ಸಪೋರ್ಟೆಡ್ ಬೀಮ್, ಎಡ ತುದಿ A, ಬಲ ತುದಿ B, ಪೂರ್ತಿ 10 kN/m, A ಇಂದ 2 ಮೀ ದೂರದ C ನಲ್ಲಿ 24 kN.

```
RA = 30+16 = 46,  RB = 30+8 = 38
C ಎಡಕ್ಕೆ: 46-20 = 26
C ಬಲಕ್ಕೆ: 26-24 = 2
B ಹತ್ತಿರ: 2-40 = -38
```

ಲೋಡ್ ಕೆಳಗೇ ಗರಿಷ್ಠ ಮೊಮೆಂಟ್ ಅಂತ ಸುಮ್ನೆ ಬರೆದುಬಿಡಬೇಡಿ, C ದಾಟಿದ ಮೇಲೂ ಶಿಯರ್ 2 ಉಳಿದಿದೆ ಅಲ್ವಾ, ಅದು ಸೊನ್ನೆಯಾಗೋದು ಇನ್ನೂ 2/10 = 0.2 ಮೀ ಮುಂದೆ, ಅಂದರೆ x = 2.2 ಮೀ.

```
M = 46×2.2 - 10×2.2²/2 - 24×0.2 = 72.2 kNm
```

ಬಲದಿಂದ ತಾಳೆ ನೋಡಿ: `38×3.8 - 10×3.8²/2 = 72.2`. C ನಲ್ಲಿ 72. ವ್ಯತ್ಯಾಸ ಚಿಕ್ಕದು, ಆದರೆ ಜಾಗ ತಪ್ಪಿದರೆ ಡಯಾಗ್ರಾಮೇ ತಪ್ಪು.