ಕಾಲನಿರ್ಣಯ ಪಾಠ: ಪರೀಕ್ಷೆಯ ಹಿಂದಿನ ರಾತ್ರಿಗೆ ಸಾರಾಂಶ

ಪುರಾತತ್ವದಲ್ಲಿ ಸಿಕ್ಕ ವಸ್ತುಗಳ ಕಾಲ ಹೇಗೆ ಗೊತ್ತು ಮಾಡುತ್ತಾರೆ ಎಂಬ ಈ ಪಾಠ 40 ಪುಟ ಇದೆ. ಓದುವಾಗ ಒಂದೇ ಪ್ರಶ್ನೆ ಹಿಡಿದುಕೊಳ್ಳಿ: ಈ ವಿಧಾನದ ಗಡಿಯಾರ ಯಾವ ಗಳಿಗೆಯಲ್ಲಿ ಶುರುವಾಗುತ್ತದೆ? ಮಿತಿಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಪದರಗಳು. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಯಾವ ಕಾಲಕ್ಕೂ ನಡೆಯುತ್ತದೆ. ಆದರೆ ಇಲಿ ಬಿಲ, ಹಳೇ ಗುಂಡಿಗಳು ಪದರವನ್ನು ಕಲಸಿಬಿಡುತ್ತವೆ. ವರ್ಷವೂ ಸಿಗುವುದಿಲ್ಲ, ಹಿಂದೆ ಮುಂದೆ ಮಾತ್ರ. ವರ್ಷ ಬೇಕೆಂದರೆ ಕಾಲ ಗೊತ್ತಿರುವ ವಸ್ತು ಜೊತೆಗಿರಬೇಕು. ಪುರಾತತ್ವಜ್ಞ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಹೀಗೇ ಮಾಡಿದರು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಪಾತ್ರೆಗಳ ಜೊತೆ ಸಿಕ್ಕಿದ್ದ, ಸಾಲು ಸಾಲು ಚುಕ್ಕೆ ಗೀರಿನ ರೂಲೆಟೆಡ್ ಮಡಕೆಯನ್ನು ಗೂಟ ಮಾಡಿಕೊಂಡು, ಕೆಳಗಿನ ಪದರಗಳ ಕಾಲ ಅಂದಾಜಿಸಿದರು. ಮುಂದೆ ರೇಡಿಯೋಕಾರ್ಬನ್ ಬಂದಾಗ, ದಕ್ಷಿಣದ ನವಶಿಲಾಯುಗ ಅವರ ಲೆಕ್ಕಕ್ಕಿಂತ ಸಾವಿರಕ್ಕೂ ಜಾಸ್ತಿ ವರ್ಷ ಹಿಂದೆ ಸರಿಯಿತು.

ರೇಡಿಯೋಕಾರ್ಬನ್. ಹತ್ತು ಅಂಕದ ಪ್ರಶ್ನೆ ಇಲ್ಲಿಂದಲೇ ಬರಬಹುದು. ಜೀವ ಇರುವವರೆಗೆ ಗಿಡ, ಪ್ರಾಣಿ ಕಾರ್ಬನ್-14 ತುಂಬಿಕೊಳ್ಳುತ್ತಲೇ ಇರುತ್ತವೆ. ಸತ್ತ ಮೇಲೆ ಅದು ಕರಗುತ್ತಾ ಹೋಗುತ್ತದೆ, 5730 ವರ್ಷಕ್ಕೆ ಅರ್ಧ. ಸುಮಾರು 50,000 ವರ್ಷದ ಆಚೆ ಅಳೆಯುವಷ್ಟು ಉಳಿದಿರುವುದಿಲ್ಲ. ಇದ್ದಿಲು, ಕಾಳು, ಮೂಳೆ, ಚಿಪ್ಪು ಆಗುತ್ತವೆ. ಕಲ್ಲು, ಲೋಹ ಆಗುವುದಿಲ್ಲ. ತೊಡಕು ಮೂರು. ಒಂದು, ಅದು ಹೇಳುವುದು ಮರ ಸತ್ತ ಕಾಲ, ಒಲೆ ಉರಿದ ಕಾಲವಲ್ಲ. ತಾತನ ಮನೆಯ ತೊಲೆಯನ್ನು ಹೊಸ ಮನೆಗೆ ಹಾಕಿಕೊಳ್ಳುವುದಿಲ್ವಾ, ಹಾಗೆ. ದೊಡ್ಡ ಮರವಾದರೆ ಒಳಗಿನ ತಿರುಳು ಇನ್ನೂ ಹಳೆಯದು. ಅದಕ್ಕೇ ಒಂದೇ ವರ್ಷ ಬದುಕುವ ರಾಗಿ, ಹುರುಳಿ ಕಾಳು ಮೇಲು. ಎರಡು, ಸಮುದ್ರದ ಚಿಪ್ಪು ನೂರಾರು ವರ್ಷ ಹಳೆಯದಾಗಿ ಕಾಣುತ್ತದೆ. ಮೂರು, ಫಲಿತಾಂಶವನ್ನು ಕ್ಯಾಲಿಬ್ರೇಟ್ ಮಾಡಲೇಬೇಕು, ಅಂದರೆ ಒಂದು ವಕ್ರರೇಖೆಗೆ ಹೋಲಿಸಿ ನಿಜವಾದ ವರ್ಷಕ್ಕೆ ತಿರುಗಿಸಬೇಕು. ಕ್ರಿ.ಪೂ. 800ರಿಂದ 400ರವರೆಗೆ ಆ ವಕ್ರರೇಖೆ ಹೆಚ್ಚುಕಡಿಮೆ ಚಪ್ಪಟೆ. ನಮ್ಮ ಬೃಹತ್ ಶಿಲಾಗೋರಿಗಳಲ್ಲಿ ಎಷ್ಟೋ ಅಲ್ಲೇ ಬೀಳುತ್ತವೆ. ಎಷ್ಟು ಒಳ್ಳೆಯ ಲ್ಯಾಬಾದರೂ ಅಲ್ಲಿ ನಿಖರ ವರ್ಷ ಕೊಡುವುದು ಕಷ್ಟ. ಫಲಿತಾಂಶವನ್ನು 'ಇಂದಿನಿಂದ ಇಷ್ಟು ವರ್ಷ ಹಿಂದೆ' ಎಂದು ಬರೆಯುತ್ತಾರೆ. ಇಲ್ಲಿ 'ಇಂದು' ಎಂದರೆ 1950, ಮರೆಯಬೇಡಿ.

ಮರದ ಉಂಗುರ. ವರ್ಷಕ್ಕೊಂದು ಉಂಗುರ, ಹಾಗಾಗಿ ಒಂದೇ ವರ್ಷದ ನಿಖರತೆ. ಯುರೋಪಿನ ಸರಣಿ 12,000 ವರ್ಷದಷ್ಟು ಹಿಂದಕ್ಕಿದೆ. ಆಯಾ ಪ್ರದೇಶದ ಸರಣಿ ಇಲ್ಲದಿದ್ದರೆ ನಿರುಪಯೋಗ. ನಮ್ಮ ಕಡೆಯ ಬಹುತೇಕ ಮರಗಳಲ್ಲಿ ಉಂಗುರ ಸ್ಪಷ್ಟವಿರುವುದಿಲ್ಲ, ತೇಗ ಪರವಾಗಿಲ್ಲ.

ಟಿಎಲ್, ಓಎಸ್‌ಎಲ್. ಹರಳನ್ನು ಕಾಯಿಸಿದಾಗ ಹೊಮ್ಮುವ ಬೆಳಕನ್ನು ಅಳೆಯುವುದು ಟಿಎಲ್, ಬೆಳಕು ಹಾಯಿಸಿದಾಗ ಹೊಮ್ಮುವುದನ್ನು ಅಳೆಯುವುದು ಓಎಸ್‌ಎಲ್. ಮಣ್ಣಿನ ಹರಳುಗಳಲ್ಲಿ ವಿಕಿರಣದಿಂದ ಶಕ್ತಿ ಕೂಡುತ್ತಾ ಹೋಗುತ್ತದೆ. ಬೆಂಕಿ ಬಿದ್ದರೆ ಅಥವಾ ಬಿಸಿಲು ತಾಗಿದರೆ ಲೆಕ್ಕ ಸೊನ್ನೆ. ಮಡಕೆ, ಸುಟ್ಟ ಇಟ್ಟಿಗೆಗೆ ಟಿಎಲ್. ಹೂತುಹೋದ ಮರಳಿಗೆ ಓಎಸ್‌ಎಲ್. ಲಕ್ಷ ವರ್ಷದ ಆಚೆಗೂ ಹೋಗುತ್ತದೆ, ಶೇ. 5ರಿಂದ 10 ತಪ್ಪು ಇಟ್ಟುಕೊಳ್ಳಿ. ಓಎಸ್‌ಎಲ್ ಮಾದರಿಗೆ ಬೆಳಕು ಸೋಕಬಾರದು. ಕೊಳವೆಯನ್ನು ಗುಂಡಿಯ ಗೋಡೆಗೆ ಬಡಿದು, ಎರಡೂ ಬಾಯಿ ಮುಚ್ಚಿ ತರುತ್ತಾರೆ.

ಪೊಟ್ಯಾಸಿಯಂ-ಆರ್ಗಾನ್. ಲಾವಾ ಆರಿದ ಮೇಲೆ ಒಳಗೆ ಆರ್ಗಾನ್ ಸೇರತೊಡಗುತ್ತದೆ. ಲಕ್ಷದಿಂದ ಕೋಟಿಗಟ್ಟಲೆ ವರ್ಷದವರೆಗೆ, ಜ್ವಾಲಾಮುಖಿ ಕಲ್ಲು, ಬೂದಿಗೆ ಮಾತ್ರ. 1961ರಲ್ಲಿ ಆದಿಮಾನವರ ಅವಶೇಷ ಸಿಕ್ಕ ಆಫ್ರಿಕಾದ ಓಲ್ಡುವಾಯ್ ಪದರಕ್ಕೆ ಸುಮಾರು 17.5 ಲಕ್ಷ ವರ್ಷ ಬಂದದ್ದು ಹೀಗೆ. ಆದರೆ ದಖ್ಖನ್ನಿನ ಬಸಾಲ್ಟ್ ಕೊಡಲಿಗೆ ಇದನ್ನು ಹಾಕಿದರೆ ಬರುವುದು 6.6 ಕೋಟಿ ವರ್ಷ. ಅದು ಕಲ್ಲಿನ ವಯಸ್ಸು, ಕೊಡಲಿಯದ್ದಲ್ಲ.