ಮುಂಗಡ ವೈದ್ಯಕೀಯ ನಿರ್ದೇಶನ ಪತ್ರ

ಮೈಸೂರಿನ ಕುವೆಂಪುನಗರದಲ್ಲಿ ವಾಸವಾಗಿರುವ 78 ವರ್ಷದ ನಿವೃತ್ತ ಶಿಕ್ಷಕಿ ಸಾವಿತ್ರಮ್ಮ ಎಂಬ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಘನತೆಯಿಂದ ಸಾಯುವ ಹಕ್ಕಿನ ಕುರಿತ ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪು ಹಾಗೂ 2023ರ ಮಾರ್ಪಾಡಿನಂತೆ ಈ ಪತ್ರವನ್ನು ಬರೆಸಿದ್ದೇನೆ.

ನಾನು ನಿರ್ಧಾರ ತಿಳಿಸುವ ಶಕ್ತಿ ಕಳೆದುಕೊಂಡು, ಚೇತರಿಕೆಯ ಭರವಸೆಯಿಲ್ಲವೆಂದು ಆಸ್ಪತ್ರೆಯ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಳಿಗಳೆರಡೂ ದೃಢಪಡಿಸಿದಾಗ, ವೆಂಟಿಲೇಟರ್, ಡಯಾಲಿಸಿಸ್, ಎದೆಯೊತ್ತಿ ಹೃದಯ ಚಾಲನೆಗೊಳಿಸುವ ಚಿಕಿತ್ಸೆ ಹಾಗೂ ಮೂಗಿನ ನಳಿಕೆಯ ಆಹಾರವನ್ನು ಆರಂಭಿಸಬಾರದು, ಆರಂಭಿಸಿದ್ದರೆ ನಿಲ್ಲಿಸಬೇಕು. ನೋವು ಮತ್ತು ಉಸಿರಾಟದ ಸಂಕಟವನ್ನು ಶಮನಗೊಳಿಸುವ ಔಷಧವನ್ನು ಮಾತ್ರ ಎಂದಿಗೂ ತಡೆಯಬಾರದು.

ನನ್ನ ಪರವಾಗಿ ಸಮ್ಮತಿಸಲು ಅಥವಾ ನಿರಾಕರಿಸಲು ಮಗಳು ಸುಧಾಳನ್ನು, ಆಕೆ ಲಭ್ಯಳಿಲ್ಲದಿದ್ದರೆ ನನ್ನ ತಮ್ಮ ರಾಮಚಂದ್ರನನ್ನು ನೇಮಿಸಿದ್ದೇನೆ. ಮಗ ಮಂಜುನಾಥನಿಗೆ ಇದರಿಂದ ದುಃಖವಾಗಬಹುದು. ಆದರೂ ಅಕ್ಕನ ಮಾತಿಗೆ ಅವನು ಅಡ್ಡಬರಬಾರದೆಂದು ಕೋರುತ್ತೇನೆ. ಬುದ್ಧಿ ಸ್ವಾಧೀನದಲ್ಲಿರುವವರೆಗೆ ಇದನ್ನು ಲಿಖಿತವಾಗಿ ಬದಲಿಸುವ, ರದ್ದುಪಡಿಸುವ ಹಕ್ಕು ನನ್ನದು.

12-3-2025ರಂದು, ಸಾಕ್ಷಿಗಳಾದ ಶಾಂತಾ ಮತ್ತು ನಾಗರಾಜ ಅವರೆದುರು, ನೋಟರಿಯವರ ದೃಢೀಕರಣದೊಂದಿಗೆ ಸಹಿ ಮಾಡಿದ್ದೇನೆ.

ಸಾವಿತ್ರಮ್ಮ